ಹುಬ್ಬಳ್ಳಿಯಿಂದ ಲಕ್ಕುಂಡಿ–ಗದಗ: ಹಿರಿಯರ ಪ್ರವಾಸದ ವಿವರ ಬರೆಯುವುದು ಹೇಗೆ

ಪ್ರವಾಸ ಬುಕ್ ಮಾಡುವವನು ಮಗ. ನಡೆಯುವವಳು ಅವ್ವ. ಹಿರಿಯರ ಪ್ಯಾಕೇಜುಗಳಲ್ಲಿ ಆಗುವ ತೊಂದರೆ ಬಹುತೇಕ ಇಲ್ಲಿಂದಲೇ ಶುರುವಾಗುತ್ತದೆ. ಮಗ ಮೊಬೈಲಿನಲ್ಲಿ ದರ ನೋಡುತ್ತಾನೆ, ಊಟ ಇದೆಯಾ ನೋಡುತ್ತಾನೆ, ‘ಸ್ವಲ್ಪ ನಡಿಗೆ ಇರುತ್ತದೆ’ ಎಂಬ ಸಾಲನ್ನು ಓದಿ ಮುಂದೆ ಹೋಗುತ್ತಾನೆ. ಆ ‘ಸ್ವಲ್ಪ’ ಎಷ್ಟು ಅನ್ನೋದು ಅವ್ವನಿಗೆ ಗೊತ್ತಾಗುವುದು ಗಾಡಿಯಿಂದ ಇಳಿದ ಮೇಲೆ.

ನಮ್ಮ ಅವ್ವನಿಗೂ ಹೀಗೇ ಆಗಿತ್ತು. ಆಗ ಅವಳಿಗೆ ಎಪ್ಪತ್ತೊಂದು, ಎಡ ಮೊಣಕಾಲು ಸವೆದಿತ್ತು. ನಾನೇ ಬುಕ್ ಮಾಡಿದ ಒಂದು ದಿನದ ಪ್ರವಾಸ ಅದು. ಎರಡನೇ ಗುಡಿಯ ಹೊತ್ತಿಗೆ ಅವಳು ಗಾಡಿಯಲ್ಲೇ ಕೂತುಬಿಟ್ಟಳು. ಸಂಜೆ ಮನೆಗೆ ಬಂದು, ‘ನೀ ಮೊದಲ ಹೇಳಿದ್ರ ಕೋಲರ ತರ್ತಿದ್ನೆಲ್ಲೋ’ ಅಂದಳು. ಅವಳಿಗೆ ನಡೆಯುವುದು ಬೇಡವಾಗಿರಲಿಲ್ಲ. ಮೊದಲೇ ಗೊತ್ತಾಗಬೇಕಿತ್ತು, ಅಷ್ಟೇ. ಆಮೇಲೆ ನಾನೇ ಹುಬ್ಬಳ್ಳಿಯಿಂದ ಹಿರಿಯರಿಗಾಗಿ ಸಣ್ಣ ಗುಂಪಿನ ಪ್ರವಾಸ ಮಾಡಿಸಲು ಶುರು ಮಾಡಿದೆ. ಒಂದು ಟಿಟಿ ಅಂದರೆ ಟೆಂಪೊ ಟ್ರಾವೆಲರ್ ಗಾಡಿ, ಹತ್ತು ಜನ ಹಿರಿಯರು, ಜೊತೆಗೆ ನಾವು ಇಬ್ಬರು.

ಈ ಬರಹ ನಮ್ಮ ಭಾಗದಲ್ಲಿ ಟ್ರಾವೆಲ್ಸ್ ನಡೆಸುವವರಿಗೆ. ಓಣಿಯ ಹಿರಿಯರನ್ನು ಕರೆದುಕೊಂಡು ಹೋಗುವ ಮಹಿಳಾ ಮಂಡಳದವರಿಗೂ, ಭಜನಾ ಮಂಡಳದವರಿಗೂ ಉಪಯೋಗ ಆದೀತು. ಒಂದೇ ಮಾರ್ಗ ಹಿಡಿದು ಹೇಳುತ್ತೇನೆ: ಹುಬ್ಬಳ್ಳಿ, ಲಕ್ಕುಂಡಿ, ಗದಗ, ಮರಳಿ ಹುಬ್ಬಳ್ಳಿ. ಇದರ ವಿವರ ಬರೆಯಲು ಬಂದರೆ ಬನವಾಸಿಗೂ ಬಾದಾಮಿಗೂ ನೀವೇ ಬರೆಯಬಹುದು.

ಮೊದಲು ಗಡಿಯಾರ, ಆಮೇಲೆ ಗುಡಿ

ವಿವರ ಬರೆಯುವ ಮೊದಲು ಮಾರ್ಗದ ಕ್ರಮ ಸರಿ ಮಾಡಿಕೊಳ್ಳಬೇಕು. ಕ್ರಮ ತಪ್ಪಿದ್ದರೆ ಎಷ್ಟು ಚೆನ್ನಾಗಿ ಬರೆದರೂ ಉಪಯೋಗವಿಲ್ಲ.

ಹುಬ್ಬಳ್ಳಿಯಿಂದ ಗದಗ ಸುಮಾರು 58 ಕಿಲೋಮೀಟರ್. ನಡುವೆ ಅಣ್ಣಿಗೇರಿ ಬರುತ್ತದೆ, ಹುಬ್ಬಳ್ಳಿಯಿಂದ ಸುಮಾರು 35. ಗದಗ ದಾಟಿ ಹನ್ನೆರಡು ಕಿಲೋಮೀಟರ್ ಹೋದರೆ ಲಕ್ಕುಂಡಿ. ಸಾಮಾನ್ಯವಾಗಿ ಎಲ್ಲರೂ ಬರುವ ದಾರಿಯಲ್ಲೇ ನೋಡುತ್ತಾ ಹೋಗುತ್ತಾರೆ. ಮೊದಲು ಅಣ್ಣಿಗೇರಿಯ ಅಮೃತೇಶ್ವರ, ಆಮೇಲೆ ಗದಗಿನ ತ್ರಿಕೂಟೇಶ್ವರ, ವೀರನಾರಾಯಣ, ಕೊನೆಗೆ ಲಕ್ಕುಂಡಿ, ಸಮಯ ಉಳಿದರೆ ಡಂಬಳದ ದೊಡ್ಡಬಸಪ್ಪ. ಹರೆಯದವರಿಗೆ ಇದು ಸರಿ. ಹಿರಿಯರಿಗೆ ಇದೇ ಕ್ರಮ ತೊಂದರೆ ಕೊಡುತ್ತದೆ. ಯಾಕೆಂದರೆ ಲಕ್ಕುಂಡಿ ತಲುಪುವಾಗ ಮಧ್ಯಾಹ್ನ ಆಗಿರುತ್ತದೆ. ಅಲ್ಲಿ ಚಪ್ಪಲಿ ಬಿಟ್ಟು ಕಾಯ್ದ ಕಲ್ಲಿನ ಮೇಲೆ ನಡೆಯಬೇಕು. ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರಿಗೆ ಕಲ್ಲು ಸುಡುವುದೇ ಗೊತ್ತಾಗುವುದಿಲ್ಲ. ಬೊಬ್ಬೆ ಕಾಣುವುದು ರಾತ್ರಿ ಕಾಲು ತೊಳೆಯುವಾಗ.

ಅದಕ್ಕೆ ನಾವು ತಿರುಗಿಸಿ ಇಟ್ಟಿದ್ದೇವೆ. ಬೆಳಿಗ್ಗೆ ತಂಪಿನಲ್ಲಿ ನೇರ ಲಕ್ಕುಂಡಿ. ಬಿಸಿಲೇರುವ ಮೊದಲು ಅಲ್ಲಿಂದ ಹೊರಟು ಗದಗಿನಲ್ಲಿ ಊಟ, ವಿಶ್ರಾಂತಿ. ಪೂಜೆ ನಡೆಯುವ ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುವುದೇ ಹೆಚ್ಚು, ಹಾಗಾಗಿ ತ್ರಿಕೂಟೇಶ್ವರ ಮತ್ತು ವೀರನಾರಾಯಣ ಸಂಜೆಗೆ. ಅಣ್ಣಿಗೇರಿ ಗುಡಿ ಮತ್ತು ಡಂಬಳ ಎರಡನ್ನೂ ಬಿಟ್ಟಿದ್ದೇವೆ. ಬಿಡಲು ನನಗೂ ಹೊಟ್ಟೆ ಉರಿಯಿತು, ಡಂಬಳದ ಆ ನಕ್ಷತ್ರದಂಥ ಗುಡಿ ನನಗೆ ಬಹಳ ಇಷ್ಟ. ಆದರೆ ಒಂದೇ ದಿನಕ್ಕೆ ಐದು ಜಾಗ ಇಟ್ಟರೆ ಕೊನೆಯ ಎರಡನ್ನು ಹಿರಿಯರು ಗಾಡಿಯ ಕಿಟಕಿಯಿಂದ ನೋಡುತ್ತಾರೆ.

ಹೊರಡುವ ಸಮಯವೂ ಮುಖ್ಯ. ಬೆಳಿಗ್ಗೆ ಐದಕ್ಕೆ ಹೊರಡುವುದು ಬೇಡ. ಹಿರಿಯರಿಗೆ ಹೊಟ್ಟೆ ಖಾಲಿಯಾಗಬೇಕು, ನಾಷ್ಟಾ ಆಗಬೇಕು, ಗುಳಿಗೆ ತೆಗೆದುಕೊಳ್ಳಬೇಕು. ಏಳಕ್ಕೆ ಹೊರಟರೆ ನಡುವೆ ಒಂದು ಸಲ ನಿಲ್ಲಿಸಿಯೂ ಒಂಬತ್ತರ ಹೊತ್ತಿಗೆ ಲಕ್ಕುಂಡಿ ಸೇರಬಹುದು. ಇದೆಲ್ಲ ನವೆಂಬರಿನಿಂದ ಫೆಬ್ರುವರಿ ತನಕದ ಲೆಕ್ಕ. ಏಪ್ರಿಲ್–ಮೇ ತಿಂಗಳಲ್ಲಿ ಗದಗ ಭಾಗಕ್ಕೆ ಹಿರಿಯರ ಗುಂಪು ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹಿರಿಯರೊಬ್ಬರ ಜೊತೆ ನಡೆದು ಅಳೆಯಿರಿ

ಈಗ ನಿಜವಾದ ಕೆಲಸ. ನೀವೊಬ್ಬರೇ ಹೋಗಿ ಅಳೆದರೆ ಅದು ನಿಮ್ಮ ಕಾಲಿನ ಅಳತೆ ಆಗುತ್ತದೆ. ನಾನು ಮೊದಲ ಸಲ ಹಾಗೇ ಮಾಡಿದೆ. ಲಕ್ಕುಂಡಿಯಲ್ಲಿ ಗಾಡಿ ನಿಲ್ಲಿಸಿದಲ್ಲಿಂದ ಬ್ರಹ್ಮ ಜಿನಾಲಯಕ್ಕೆ ಹೋಗಿ, ಒಳಗೆ ನೋಡಿ, ಒಂದು ಸುತ್ತು ಹಾಕಿ ಬರಲು ನನಗೆ ಹನ್ನೆರಡು ನಿಮಿಷ ಸಾಕಾಯಿತು. ಎರಡನೇ ಸಲ ನಮ್ಮ ಕಾಕಾನನ್ನು ಕರೆದುಕೊಂಡು ಹೋದೆ. ಅವನಿಗೆ ಎಪ್ಪತ್ತಾರು, ಬಿ.ಪಿ. ಗುಳಿಗೆ ಇದೆ, ನಡೆಯಲು ಗಟ್ಟಿ ಇದ್ದಾನೆ. ಅವನಿಗೆ ಇಪ್ಪತ್ತೊಂಬತ್ತು ನಿಮಿಷ ಬೇಕಾಯಿತು. ದೂರ ಅದೇ, ಗುಡಿ ಅದೇ. ವಿವರದಲ್ಲಿ ನಾನು ಬರೆಯುವುದು ಕಾಕಾನ ನಿಮಿಷಗಳನ್ನು.

ಅವನ ಹಿಂದೆ ನಡೆಯುವಾಗ ಸಮಯ ಎಲ್ಲಿ ಹೋಗುತ್ತದೆ ಅನ್ನೋದು ಕಂಡಿತು. ಸಪಾಟು ನೆಲದಲ್ಲಿ ಅವನು ನನಗಿಂತ ಬಹಳ ನಿಧಾನ ಇರಲಿಲ್ಲ. ಚಪ್ಪಲಿ ಬಿಡುವಾಗ ನಿಂತ. ಅವನಿಗೆ ಕೂತು ಬಿಚ್ಚಬೇಕು, ಕೂರಲು ಜಾಗ ಹುಡುಕಿದ. ಬಾಗಿಲ ಹೊಸ್ತಿಲ ಹತ್ತಿರ ನಿಂತ. ಒಳಗೆ ಕಾಲಿಟ್ಟ ಕೂಡಲೇ ಕೈಯನ್ನು ಗಾಳಿಯಲ್ಲಿ ಚಾಚಿ ಕಂಬ ಹುಡುಕಿದ. ‘ಏನೂ ಕಾಣವಲ್ದು ತಡಿ’ ಅಂದ. ಹೊರಗೆ ಕಣ್ಣು ಕುಕ್ಕುವ ಬೆಳಕು, ಒಳಗೆ ಮಬ್ಬು. ನಮ್ಮ ಕಣ್ಣು ಬೇಗ ಹೊಂದಿಕೊಳ್ಳುತ್ತದೆ. ವಯಸ್ಸಾದವರ ಕಣ್ಣಿಗೆ ಅದಕ್ಕೆ ಹೆಚ್ಚು ಹೊತ್ತು ಬೇಕು, ಪೊರೆ ಬಂದಿದ್ದರೆ ಇನ್ನೂ ಜಾಸ್ತಿ. ಎತ್ತರದ ಹೊಸ್ತಿಲೂ ಈ ಕತ್ತಲೆಯೂ ಒಂದೇ ಕಡೆ ಸೇರುತ್ತವೆ. ಹಳೆಯ ಗುಡಿಗಳಲ್ಲಿ ಹಿರಿಯರು ಎಡವುವ ಜಾಗ ಇದೇ. ಅಂದಿನಿಂದ ನಮ್ಮ ವಿವರದಲ್ಲಿ ಒಂದು ಸಾಲು ಸೇರಿದೆ: ‘ಪ್ರತಿ ಗುಡಿಯ ಬಾಗಿಲಲ್ಲಿ ಒಂದು ನಿಮಿಷ ಎಲ್ಲರೂ ನಿಲ್ಲುತ್ತೇವೆ, ಕಣ್ಣು ಹೊಂದಿಕೊಂಡ ಮೇಲೆ ಒಳಗೆ ಹೋಗುತ್ತೇವೆ.’

ಪ್ರತಿ ಜಾಗದಲ್ಲಿ ನಾಲ್ಕು ಸಂಗತಿ ಬರೆದುಕೊಳ್ಳಿ. ಗಾಡಿ ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಮೊದಲು ಕೂರಲು ಸಿಗುವ ಜಾಗಕ್ಕೆ ಎಷ್ಟು ದೂರ. ಪಾವಟಿಗೆಗಳು ಎಷ್ಟು, ಒಂದೊಂದರ ಎತ್ತರ ಎಷ್ಟು, ಪಕ್ಕದಲ್ಲಿ ಹಿಡಿಯಲು ಏನಾದರೂ ಇದೆಯಾ. ಕಾಲಡಿ ಏನಿದೆ, ಹಾಸುಗಲ್ಲೋ, ಹುಲ್ಲೋ, ಸಣ್ಣ ಕಡಿಯೋ. ಎಷ್ಟು ಹೊತ್ತು ನಿಂತೇ ಇರಬೇಕು. ಜೇಬಿನಲ್ಲಿ ಒಂದು ಟೇಪು ಇರಲಿ. ಮನೆಯ ಮೆಟ್ಟಿಲು ಸಾಮಾನ್ಯವಾಗಿ 15ರಿಂದ 18 ಸೆಂಟಿಮೀಟರ್ ಎತ್ತರ ಇರುತ್ತದೆ. ಗುಡಿಯ ಪಾವಟಿಗೆ ಅದಕ್ಕಿಂತ ಎತ್ತರ ಇದ್ದರೆ, ಮನೆಯಲ್ಲಿ ಮಹಡಿ ಹತ್ತುವವರಿಗೂ ಇಲ್ಲಿ ಕೈಯಾಸರೆ ಬೇಕಾಗುತ್ತದೆ. ಹಾಗಾಗಿ ‘ಐದು ಮೆಟ್ಟಿಲು’ ಎಂದು ಬರೆದರೆ ಸಾಲದು. ‘ಮನೆಯ ಮೆಟ್ಟಿಲಿಗಿಂತ ಎತ್ತರದ ಐದು ಪಾವಟಿಗೆ, ಹಿಡಿಕೆ ಇಲ್ಲ, ನಮ್ಮವರು ಕೈ ಹಿಡಿಯುತ್ತಾರೆ’ ಎಂದು ಬರೆಯಿರಿ.

ಆ ಗುಡಿಗಳ ಪಾವಟಿಗೆಯ ಲೆಕ್ಕವನ್ನು ನಾನು ಬೇಕಂತಲೇ ಇಲ್ಲಿ ಕೊಟ್ಟಿಲ್ಲ. ಕೊಟ್ಟರೆ ನೀವು ಹೋಗದೆಯೇ ನಕಲು ಮಾಡಿಕೊಳ್ಳುವ ಆಸೆ ಆಗುತ್ತದೆ, ಅಲ್ವಾ. ಗಾಡಿ ನಿಲ್ಲಿಸುವ ಜಾಗ ಬದಲಾಗುತ್ತದೆ, ರಸ್ತೆ ಅಗೆದಿರುತ್ತಾರೆ, ಒಂದು ಗೇಟಿಗೆ ಬೀಗ ಬಿದ್ದಿರುತ್ತದೆ. ಮೂರು ತಿಂಗಳಿಗೊಮ್ಮೆ ಮತ್ತೆ ನಡೆದು ನೋಡಿ, ವಿವರದ ಕೆಳಗೆ ಅಳೆದ ತಿಂಗಳನ್ನು ಬರೆಯಿರಿ.

ಇನ್ನೊಂದು ಮಾತು, ಗಾಡಿಯ ಪಾವಟಿಗೆಯನ್ನು ಬಹಳ ಜನ ಅಳೆಯುವುದೇ ಇಲ್ಲ. ನಮ್ಮ ಟಿಟಿಯ ಮೊದಲ ಮೆಟ್ಟಿಲು ನೆಲದಿಂದ 38 ಸೆಂಟಿಮೀಟರ್ ಇದೆ, ಮನೆಯ ಎರಡು ಮೆಟ್ಟಿಲಿಗಿಂತಲೂ ತುಸು ಹೆಚ್ಚು. ದಿನಕ್ಕೆ ಎಂಟು ಸಲ ಹತ್ತಿ ಇಳಿಯಬೇಕು. ಅಗಲವಾದ ಕಾಲುಗಳಿರುವ ಒಂದು ಗಟ್ಟಿ ಕಟ್ಟಿಗೆಯ ಮಣೆ ಮಾಡಿಸಿ ಗಾಡಿಯಲ್ಲೇ ಇಟ್ಟಿದ್ದೇವೆ, ಅದರ ಮೇಲೆ ರಬ್ಬರ್ ಹೊಡೆಸಿದ್ದೇವೆ. ಪ್ಲಾಸ್ಟಿಕ್ ಸ್ಟೂಲ್ ಬೇಡ, ಅದು ಜಾರುತ್ತದೆ.

ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ

ಹೆಚ್ಚಿನ ಪ್ಯಾಕೇಜುಗಳು ‘ಸುಲಭ’, ‘ಮಧ್ಯಮ’, ‘ಕಷ್ಟ’ ಎಂದು ಮೂರು ದರ್ಜೆ ಹಾಕುತ್ತವೆ. ನಾನು ಅವನ್ನು ಬಳಸುವುದಿಲ್ಲ. ದಿನಾ ಉಣಕಲ್ ಕೆರೆಯ ದಂಡೆಯಲ್ಲಿ ನಡೆಯುವ ಅಜ್ಜಾರಿಗೆ ಸುಲಭ ಅನ್ನಿಸಿದ್ದು, ಮೊಣಕಾಲು ಬದಲಿಸಿಕೊಂಡ ಅಮ್ಮಾರಿಗೆ ಸುಲಭ ಅಲ್ಲ. ಒಂದೇ ಜಾಗಕ್ಕೆ ಒಂದೇ ಪದ ಸಾಲುವುದಿಲ್ಲ.

ದೂರಕ್ಕಿಂತ ನಿಲ್ಲುವ ಹೊತ್ತಿನ ಬಗ್ಗೆ ಎಚ್ಚರ ಇರಲಿ. ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯಲ್ಲಿ ಎದುರುಬದುರು ಎರಡು ಗುಡಿಗಳಿವೆ, ಶಿವನದು ಒಂದು, ಸೂರ್ಯನದು ಒಂದು. ಬಾಗಿಲ ಚೌಕಟ್ಟಿನ ಕೆತ್ತನೆ ನೋಡಿದರೆ ಗೈಡ್‌ಗೆ ಮಾತು ನಿಲ್ಲಿಸಲು ಮನಸ್ಸಾಗುವುದಿಲ್ಲ. ಇಪ್ಪತ್ತು ನಿಮಿಷ ಹೇಳುತ್ತಾರೆ. ಅಷ್ಟು ಹೊತ್ತು ಒಂದೇ ಕಡೆ ನಿಂತರೆ ಸೊಂಟ ಹಿಡಿಯುತ್ತದೆ. ಬಿ.ಪಿ. ಗುಳಿಗೆ ತೆಗೆದುಕೊಳ್ಳುವವರಿಗೆ ತಲೆ ಸುತ್ತು ಬರಬಹುದು. ಮುಖ ಬಿಳಿಚುವುದು, ಹಣೆಯಲ್ಲಿ ತಣ್ಣನೆ ಬೆವರು, ಕಂಬಕ್ಕೆ ಒರಗುವುದು, ಇವು ಅದರ ಸುಳಿವು. ನಾವು ಗೈಡ್ ಜೊತೆ ಮೊದಲೇ ಮಾತಾಡಿಕೊಂಡಿದ್ದೇವೆ: ಕಥೆಯನ್ನು ನೆರಳಿರುವ ಕಡೆ ಕೂರಿಸಿ ಹೇಳಬೇಕು, ಆಮೇಲೆ ಕೆತ್ತನೆಯ ಮುಂದೆ ಐದು ನಿಮಿಷ ತೋರಿಸಿದರೆ ಸಾಕು. ಮಡಚುವ ನಾಲ್ಕು ಸ್ಟೂಲ್ ನಮ್ಮ ಕೈಯಲ್ಲೇ ಇರುತ್ತವೆ. ಅತ್ತಿಮಬ್ಬೆ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಕಥೆಯನ್ನು ಕೂತು ಕೇಳಿದರೆ ಹಿರಿಯರು ತಾವೇ ಹತ್ತು ಪ್ರಶ್ನೆ ಕೇಳುತ್ತಾರೆ.

ಲಕ್ಕುಂಡಿಯದೇ ಮಾಣಿಕೇಶ್ವರ ಗುಡಿಯ ಹತ್ತಿರದ ಮುಸುಕಿನ ಬಾವಿಯನ್ನು ಬೇರೆಯಾಗಿ ಬರೆಯಬೇಕು. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ, ಗೋಡೆಯಲ್ಲಿ ಸಣ್ಣ ಸಣ್ಣ ಗುಡಿಯಂಥ ಗೂಡುಗಳಿವೆ. ಕಂಡ ಕೂಡಲೇ ಇಳಿಯುವ ಆಸೆ ಆಗುತ್ತದೆ. ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದು ಹೆಚ್ಚು ನೋವು, ಜೊತೆಗೆ ಜಾರುವ ಭಯ. ‘ಇಳಿಯುವಂತಿಲ್ಲ’ ಎಂದು ಬರೆದರೆ ಹಿರಿಯರಿಗೆ ಬೇಜಾರಾಗುತ್ತದೆ. ನಾವು ‘ಮೇಲಿನಿಂದಲೇ ಇಡೀ ಬಾವಿ ಚೆನ್ನಾಗಿ ಕಾಣುತ್ತದೆ, ಅಲ್ಲಿ ಸ್ಟೂಲ್ ಹಾಕಿ ಹದಿನೈದು ನಿಮಿಷ ಕೂರುತ್ತೇವೆ, ಇಳಿಯುವ ಕಾರ್ಯಕ್ರಮ ಇಲ್ಲ’ ಎಂದು ಬರೆಯುತ್ತೇವೆ.

ಕಾಲುಚೀಲದ ವಿಷಯ ಸಣ್ಣದು, ಆದರೆ ಇದರಲ್ಲಿ ನಾನು ತಪ್ಪು ಮಾಡಿದ್ದೆ. ಕಲ್ಲು ಸುಡಬಾರದು ಎಂದು ಎಲ್ಲರಿಗೂ ಹತ್ತಿಯ ಕಾಲುಚೀಲ ತರಲು ಹೇಳಿದ್ದೆ. ಜನ ಓಡಾಡಿ ನುಣುಪಾದ ಕಲ್ಲಿನ ಮೇಲೆ ಒಬ್ಬ ಅಮ್ಮಾರು ಜಾರಿದರು. ಪುಣ್ಯಕ್ಕೆ ಮಗಳು ಹಿಡಿದುಕೊಂಡಳು. ಈಗ ‘ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವ ಕಾಲುಚೀಲ’ ಎಂದೇ ಬರೆಯುತ್ತೇವೆ. ಎರಡು ಹೆಚ್ಚಿನ ಜೊತೆ ಗಾಡಿಯಲ್ಲಿ ಇಟ್ಟಿರುತ್ತೇವೆ.

ವಿಶ್ರಾಂತಿ ಅಂದರೆ ಎಲ್ಲಿ, ಎಷ್ಟು ಹೊತ್ತು, ಯಾವ ಶೌಚಾಲಯ

‘ಅಲ್ಲಲ್ಲಿ ವಿಶ್ರಾಂತಿ ಇರುತ್ತದೆ’ ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹಿರಿಯರು ಮನಸ್ಸಿನಲ್ಲೇ ಕೇಳಿಕೊಳ್ಳುವ ಪ್ರಶ್ನೆ ಒಂದೇ, ಸಂಡಾಸಿಗೆ ಎಲ್ಲಿ ಹೋಗುವುದು? ಬಾಯಿ ಬಿಟ್ಟು ಕೇಳಲು ನಾಚಿಕೆ. ಎಷ್ಟೋ ಅಮ್ಮಂದಿರು ಪ್ರವಾಸದ ದಿನ ನೀರೇ ಕುಡಿಯುವುದಿಲ್ಲ. ಕೆಲವರು ಮೂತ್ರ ಬರಿಸುವ ಬಿ.ಪಿ. ಗುಳಿಗೆಯನ್ನು ಅವತ್ತು ಬಿಟ್ಟುಬಿಡುತ್ತಾರೆ. ಮಧ್ಯಾಹ್ನದ ತಲೆಸುತ್ತಿಗೆ ಕಾರಣ ಎಷ್ಟೋ ಸಲ ಬಿಸಿಲಲ್ಲ, ಬೆಳಿಗ್ಗೆಯಿಂದ ಕುಡಿಯದ ನೀರು. ಶೌಚಾಲಯದ ಸಾಲನ್ನು ಸ್ಪಷ್ಟವಾಗಿ ಬರೆದರೆ ಅವರು ನೀರು ಕುಡಿಯುತ್ತಾರೆ.

ಗಾಡಿ ಓಡುವಾಗ ಒಂದೂವರೆ ಗಂಟೆಗೆ ಒಂದು ನಿಲುಗಡೆ ನಮ್ಮ ಲೆಕ್ಕ. ಎರಡು ಗಂಟೆ ಮೀರಬಾರದು. ಪ್ರತಿ ನಿಲುಗಡೆಯಲ್ಲೂ ನೀವೇ ಒಳಗೆ ಹೋಗಿ ನೋಡಿ. ವೆಸ್ಟರ್ನ್ ಕಮೋಡ್ ಇದೆಯಾ? ಇದ್ದರೆ ಪಕ್ಕದಲ್ಲಿ ಹಿಡಿದು ಏಳಲು ಏನಿದೆ? ನೀರು ಬರುತ್ತದೆಯಾ? ನೆಲ ಒದ್ದೆಯಾಗಿ ಜಾರುತ್ತದೆಯಾ? ಚಿಲಕ ಹೊರಗಿನಿಂದ ತೆಗೆಯಲು ಬರುತ್ತದೆಯಾ? ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಬೀಗ ಇದ್ದರೆ ಕೀಲಿ ಯಾರ ಹತ್ತಿರ, ಭಾನುವಾರ ಅವರು ಇರುತ್ತಾರಾ? ಇದನ್ನೆಲ್ಲ ಒಂದೇ ಸಾಲಿನಲ್ಲಿ ಬರೆಯಬಹುದು. ‘ಅಣ್ಣಿಗೇರಿ ಹತ್ತಿರ 15 ನಿಮಿಷ: ಚಹಾ, ವೆಸ್ಟರ್ನ್ ಶೌಚಾಲಯ 1, ಭಾರತೀಯ ಶೈಲಿ 2.’ ಹತ್ತು ಹಿರಿಯರಿಗೆ ಒಂದೇ ಕಮೋಡ್ ಇದ್ದರೆ ಹದಿನೈದು ನಿಮಿಷದಲ್ಲಿ ಮುಗಿಯುವುದಿಲ್ಲ. ಒಬ್ಬರಿಗೆ ನಾಲ್ಕು ನಿಮಿಷ ಹಿಡಿದು ಸಮಯ ಹಾಕಿ. ಮೊದಲ ಪ್ರವಾಸದಲ್ಲಿ ನಾವು ಅರ್ಧ ಗಂಟೆ ತಡವಾಗಿದ್ದು ಇಲ್ಲೇ.

ಊಟದ ನಂತರದ ವಿಶ್ರಾಂತಿಗೆ ನಾವು ಗದಗಿನ ಲಾಡ್ಜಿನಲ್ಲಿ ಮೂರು ರೂಮು ಹಿಡಿಯುತ್ತೇವೆ, ಹನ್ನೆರಡೂವರೆಯಿಂದ ಮೂರೂವರೆ ತನಕ. ನೆಲಮಹಡಿ ಇರಬೇಕು, ಇಲ್ಲವೇ ಲಿಫ್ಟ್ ಇರಬೇಕು. ಕರೆಂಟ್ ಹೋದರೆ ಲಿಫ್ಟ್ ನಡೆಯುತ್ತದೆಯಾ ಎಂದು ಕೇಳಿಕೊಳ್ಳಿ. ತಲೆಗೆ ಸ್ವಲ್ಪ ಖರ್ಚು ಜಾಸ್ತಿ ಆಗುತ್ತದೆ. ಇದನ್ನು ಕೈಬಿಟ್ಟು ದರ ಇಳಿಸಿ ಎಂದು ಹೇಳುವ ಮಕ್ಕಳಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಗಂಟೆ ಕಾಲು ಚಾಚಿ ಮಲಗಿದವರು ಸಂಜೆ ತ್ರಿಕೂಟೇಶ್ವರದ ಪಕ್ಕದ ಸರಸ್ವತಿ ಗುಡಿಯ ಕಂಬಗಳನ್ನು ಒಂದೊಂದಾಗಿ ನೋಡುತ್ತಾರೆ. ಮಲಗದವರು ‘ಬಿಡ್ರಿ, ನಾ ಇಲ್ಲೇ ಕುಂಡರ್ತೀನಿ’ ಅನ್ನುತ್ತಾರೆ.

ಊಟಕ್ಕೆ ನಿಶ್ಚಿತ ಸಮಯ ಬರೆಯಿರಿ, ‘ಮಧ್ಯಾಹ್ನ’ ಎಂದಲ್ಲ, ‘12:45ಕ್ಕೆ’ ಎಂದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಸಮಯವೇ ಮುಖ್ಯ. ಖಾನಾವಳಿಯವರಿಗೆ ಹಿಂದಿನ ದಿನವೇ ಹೇಳಿ, ಬಿಸಿ ರೊಟ್ಟಿ ಇರಲಿ, ಕಡಕ್ ರೊಟ್ಟಿ ಹಲ್ಲಿಲ್ಲದವರಿಗೆ ಆಗುವುದಿಲ್ಲ. ಮೆತ್ತಗಿನ ಅನ್ನ, ಬೇಳೆ ಸಾರು, ಮಜ್ಜಿಗೆ ಇರಲಿ. ಖಾರ ಕಡಿಮೆ ಇರುವ ಒಂದು ಪಲ್ಯ ಬೇರೆ ಮಾಡಿಸಿ.

ದವಾಖಾನೆಯನ್ನು ನಿಮಿಷಗಳಲ್ಲಿ ಬರೆಯಿರಿ

‘ಮಾರ್ಗದಲ್ಲಿ ವೈದ್ಯಕೀಯ ಸೌಲಭ್ಯ ಲಭ್ಯ’ ಎಂದು ಬರೆದು ಮುಗಿಸುವವರೇ ಹೆಚ್ಚು. ಅದನ್ನು ಓದಿದ ಮಗಳಿಗೆ ಧೈರ್ಯ ಬರಬೇಕಾದರೆ ಹೆಸರು ಬೇಕು, ನಿಮಿಷ ಬೇಕು, ಅಲ್ಲಿ ಏನು ಸಿಗುತ್ತದೆ ಅನ್ನೋದು ಬೇಕು.

ಈ ಮಾರ್ಗದ ಎರಡು ತುದಿಯಲ್ಲಿ ಎರಡು ದೊಡ್ಡ ಸರ್ಕಾರಿ ಆಸ್ಪತ್ರೆಗಳಿವೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೆ.ಎಂ.ಸಿ.ಆರ್.ಐ. ಇದೆ, ಜನ ಈಗಲೂ ಕಿಮ್ಸ್ ಅಂತಲೇ ಕರೆಯುತ್ತಾರೆ. ಗದಗಿನಲ್ಲಿ ಜಿಮ್ಸ್ ಇದೆ, ಮುಳಗುಂದ ರಸ್ತೆಯ ಮಲ್ಲಸಮುದ್ರದ ಹತ್ತಿರ. ಲಕ್ಕುಂಡಿಯಿಂದ ಬರುವವರು ಇದನ್ನು ಗಮನಿಸಬೇಕು: ಗದಗ ಹನ್ನೆರಡೇ ಕಿಲೋಮೀಟರ್ ಇದ್ದರೂ ಜಿಮ್ಸ್ ಇರುವುದು ಊರಿನ ಇನ್ನೊಂದು ಕಡೆ. ‘ಗದಗ 20 ನಿಮಿಷ’ ಎಂದು ಬರೆದರೆ ಆಸ್ಪತ್ರೆಯ ಬಾಗಿಲಿಗೆ ಅಷ್ಟರಲ್ಲಿ ತಲುಪುವುದಿಲ್ಲ. ಒಂದು ಭಾನುವಾರ, ಒಂದು ಸಂತೆಯ ದಿನ, ಎರಡು ಸಲ ಓಡಿಸಿ ನೋಡಿ, ಹೆಚ್ಚು ಬಂದದ್ದನ್ನು ಬರೆಯಿರಿ.

ಹೆದ್ದಾರಿಯಲ್ಲಿ ಹೋಗುವಾಗ ಏನಾದರೂ ಆದರೆ ಹಿಂದೆ ಹೋಗುವುದೋ ಮುಂದೆ ಹೋಗುವುದೋ ಅನ್ನೋದನ್ನು ಡ್ರೈವರ್ ಆ ಗಾಬರಿಯಲ್ಲಿ ಯೋಚಿಸಬಾರದು. ಮೊದಲೇ ನಿರ್ಧಾರ ಆಗಿರಲಿ. ನಮ್ಮದು ಹೀಗಿದೆ: ಅಣ್ಣಿಗೇರಿಗಿಂತ ಮೊದಲು ಸಿಗುವ ನಲವಡಿ ತನಕ ಆದರೆ ಹುಬ್ಬಳ್ಳಿಗೆ ತಿರುಗು, ಅದನ್ನು ದಾಟಿದ ಮೇಲೆ ಆದರೆ ಗದಗಕ್ಕೆ ಹೋಗು. ಈ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದು ಡ್ರೈವರ್ ಸೀಟಿನ ಮುಂದೆ ಅಂಟಿಸಿದ್ದೇವೆ.

ನೀವು ಆರಿಸಿಕೊಂಡ ಆಸ್ಪತ್ರೆಗಳಿಗೆ ಫೋನ್ ಮಾಡಿ ಕೇಳಬೇಕಾದ್ದು ಹೆಚ್ಚೇನಿಲ್ಲ. ಭಾನುವಾರ ಕ್ಯಾಶುವಲ್ಟಿ ತೆರೆದಿರುತ್ತದೆಯಾ? ಇ.ಸಿ.ಜಿ. ಆ ಹೊತ್ತಿಗೆ ಸಿಗುತ್ತದೆಯಾ? ಸಿ.ಟಿ. ಸ್ಕ್ಯಾನ್ ಇದೆಯಾ, ರಾತ್ರಿಯೂ ನಡೆಯುತ್ತದೆಯಾ? ಸಿ.ಟಿ. ಯಾಕೆ ಕೇಳಬೇಕು ಅಂದರೆ, ಲಕ್ವ ಹೊಡೆದಾಗ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಸೋರಿದೆಯೋ ಅನ್ನೋದನ್ನು ಸ್ಕ್ಯಾನ್ ಮಾಡಿಯೇ ತಿಳಿಯಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಾದರೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸ್ಕ್ಯಾನ್ ಇಲ್ಲದ ದವಾಖಾನೆಗೆ ಹೋಗಿ ಒಂದು ಗಂಟೆ ಕಳೆದರೆ ಆ ಗಂಟೆ ಮರಳಿ ಬರುವುದಿಲ್ಲ. ಬಾಯಿ ಸೊಟ್ಟಗಾಯಿತು, ಒಂದು ಕೈ ಎತ್ತಲು ಬರಲಿಲ್ಲ, ಮಾತು ತೊದಲಿತು ಅಂದರೆ ಮೊದಲು ಗಡಿಯಾರ ನೋಡಿ ಸಮಯ ಬರೆದುಕೊಳ್ಳಬೇಕು. ವೈದ್ಯರು ಕೇಳುವ ಮೊದಲ ಪ್ರಶ್ನೆ ಅದು.

108ಕ್ಕೆ ಫೋನ್ ಮಾಡುವವರು ಯಾರು ಎಂದು ಮೊದಲೇ ಹೆಸರು ಹಿಡಿದು ಗೊತ್ತು ಮಾಡಿ. ಇಲ್ಲವೇ ಐದು ಜನ ಫೋನ್ ಮಾಡುತ್ತಾರೆ, ಇಲ್ಲಾ ಯಾರೂ ಮಾಡುವುದಿಲ್ಲ. ‘ಲಕ್ಕುಂಡಿ’ ಎಂದಷ್ಟೇ ಹೇಳಿದರೆ ಆಂಬುಲೆನ್ಸ್ ಊರೊಳಗೆ ಸುತ್ತುತ್ತದೆ. ಗುಡಿಗಳು ಓಣಿಗಳ ನಡುವೆ ಇವೆ. ‘ಬ್ರಹ್ಮ ಜಿನಾಲಯದ ಗೇಟಿನ ಮುಂದೆ’ ಎಂದು ಹೇಳಬೇಕು, ಒಬ್ಬರು ಹೆದ್ದಾರಿಯ ತನಕ ಹೋಗಿ ನಿಲ್ಲಬೇಕು.

ಗಾಡಿಯಲ್ಲಿ ನಾವು ಇಟ್ಟಿರುವುದು ಬಿ.ಪಿ. ಯಂತ್ರ, ಸಕ್ಕರೆ ನೋಡುವ ಗ್ಲೂಕೋಮೀಟರ್, ಸಕ್ಕರೆ, ಓ.ಆರ್.ಎಸ್. ಪೊಟ್ಟಣ, ಹತ್ತಿ, ಬ್ಯಾಂಡೇಜ್. ಗುಳಿಗೆ ಇಟ್ಟಿಲ್ಲ. ‘ಒಂದು ಗ್ಯಾಸಿನ ಗುಳಿಗಿ ಕೊಡ್ರಿ’ ಎಂದು ಕೇಳುತ್ತಾರೆ. ಎದೆ ಉರಿ ಅಂದದ್ದು ಗ್ಯಾಸ್ ಅಲ್ಲದೆ ಹೃದಯದ್ದೇ ಆಗಿರಬಹುದು. ಎದೆ ನೋವು, ಜೊತೆಗೆ ಬೆವರು, ದವಡೆಗೋ ಎಡಗೈಗೋ ಸೆಳೆತ ಇದ್ದರೆ ಅವರನ್ನು ನಡೆಸಬೇಡಿ, ಗಾಡಿಯನ್ನು ಅವರಿದ್ದಲ್ಲಿಗೆ ತನ್ನಿ. ಸಕ್ಕರೆ ಇಳಿದವರು ಮಾತ್ರ ಎಷ್ಟೋ ಸಲ ಗಾಡಿಯಲ್ಲೇ ಸರಿಹೋಗುತ್ತಾರೆ. ಕೈ ನಡುಗುವುದು, ಬೆವರು, ಸುಮ್ನೆ ಸಿಟ್ಟು ಮಾಡುವುದು ಅದರ ಸುಳಿವು. ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಮಂಪರು ಹತ್ತಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರಿಗೆ ಸಿಕ್ಕಿಕೊಳ್ಳುತ್ತದೆ.

ಇದರ ಜೊತೆ ಒಂದು ಚೀಟಿ ತುಂಬಿಸಿಕೊಳ್ಳುತ್ತೇವೆ: ಕಾಯಿಲೆ, ಗುಳಿಗೆಗಳ ಹೆಸರು, ಯಾವುದಕ್ಕೆ ಅಲರ್ಜಿ, ಫೋನ್ ಮಾಡಬೇಕಾದ ಇಬ್ಬರು. ಚೀಟಿ ಮಡಚಿ ಅವರ ಚೀಲದ ಹೊರ ಜೇಬಿನಲ್ಲಿ ಇಡುತ್ತೇವೆ. ಗುಂಪಿನ ವಾಟ್ಸಾಪಿಗೆ ಇದನ್ನು ಹಾಕಬೇಡಿ. ಇಡೀ ಓಣಿಗೆ ತಮ್ಮ ಕಾಯಿಲೆ ಗೊತ್ತಾಗುವುದು ಯಾರಿಗೂ ಇಷ್ಟ ಇರುವುದಿಲ್ಲ.

ಈಗ ಬರೆಯೋಣ

ಇಷ್ಟು ಕೈಯಲ್ಲಿದ್ದರೆ ಬರೆಯುವುದು ಒಂದು ಸಂಜೆಯ ಕೆಲಸ. ದರ್ಜೆ ಬೇಡ, ಹೊಗಳಿಕೆ ಬೇಡ, ದಿನ ಹೇಗೆ ಹೋಗುತ್ತದೋ ಹಾಗೆ ಬರೆಯಿರಿ. ನಮ್ಮ ವಿವರದ ಬೆಳಗಿನ ಭಾಗ ಇದು. ನಿಮಿಷಗಳು ನಮ್ಮ ಕಾಕಾನ ನಡಿಗೆಯವು, ಚುಕ್ಕೆ ಇರುವಲ್ಲಿ ನಿಮ್ಮ ಅಳತೆ ತುಂಬಿ.

> ಬೆಳಿಗ್ಗೆ 7:00 – ಹುಬ್ಬಳ್ಳಿಯಿಂದ ಹೊರಡುತ್ತೇವೆ. ನಾಷ್ಟಾ ಮತ್ತು ಬೆಳಗಿನ ಗುಳಿಗೆ ಮನೆಯಲ್ಲೇ ಆಗಿರಲಿ. ಗಾಡಿ ಹತ್ತಲು ಮಣೆ ಇಡುತ್ತೇವೆ. ಮೊಣಕಾಲು ನೋವಿದ್ದವರಿಗೆ ಮುಂದಿನ ಸೀಟು.
>
> 7:50 – ಅಣ್ಣಿಗೇರಿ ಹತ್ತಿರ 30 ನಿಮಿಷ. ಚಹಾ, ಶೌಚಾಲಯ (ವೆಸ್ಟರ್ನ್ …, ಭಾರತೀಯ ಶೈಲಿ …).
>
> 9:05 – ಲಕ್ಕುಂಡಿ, ಬ್ರಹ್ಮ ಜಿನಾಲಯ. ಗಾಡಿಯಿಂದ ಬಾಗಿಲಿಗೆ … ಹೆಜ್ಜೆ. ಎತ್ತರದ ಪಾವಟಿಗೆ …, ಹಿಡಿಕೆ ಇಲ್ಲ, ನಮ್ಮವರು ಕೈ ಹಿಡಿಯುತ್ತಾರೆ. ಚಪ್ಪಲಿ ಬಿಡಲು ಸ್ಟೂಲ್ ಇದೆ. ನಿಧಾನವಾಗಿ ನೋಡಲು 30 ನಿಮಿಷ, ಕೂತು ಕಥೆ ಕೇಳಲು 15 ನಿಮಿಷ. ಒಳಗೆ ಬೆಳಕು ಕಡಿಮೆ.
>
> 10:00 – ಕಾಶಿವಿಶ್ವನಾಥ ಗುಡಿ. ಗಾಡಿಯಲ್ಲೇ ಹೋಗುತ್ತೇವೆ. 35 ನಿಮಿಷ, ಅದರಲ್ಲಿ ನಿಲ್ಲುವುದು 10. ಒಳಗೆ ಬರಲು ಆಗದವರು ಹೊರಗಿನ ಕೆತ್ತನೆಯನ್ನು ನೆರಳಿನಲ್ಲಿ ಕೂತು ನೋಡಬಹುದು, ನಮ್ಮವರೊಬ್ಬರು ಜೊತೆಗಿರುತ್ತಾರೆ.
>
> 10:50 – ಮುಸುಕಿನ ಬಾವಿ. ಮೇಲಿನಿಂದ ಕೂತು ನೋಡುತ್ತೇವೆ, 15 ನಿಮಿಷ. ಇಳಿಯುವ ಕಾರ್ಯಕ್ರಮ ಇಲ್ಲ.
>
> 11:15 – ಎಳನೀರು ಅಥವಾ ಮಜ್ಜಿಗೆ, ಶೌಚಾಲಯ, ಗದಗಕ್ಕೆ ಹೊರಡುವುದು.
>
> ಈ ಭಾಗದಲ್ಲಿ ಹತ್ತಿರದ ದೊಡ್ಡ ಆಸ್ಪತ್ರೆ ಗದಗಿನ ಜಿಮ್ಸ್, ಗಾಡಿಯಲ್ಲಿ … ನಿಮಿಷ. ಗಾಡಿ ಗುಡಿಯ ಹತ್ತಿರವೇ ನಿಂತಿರುತ್ತದೆ, ಡ್ರೈವರ್ ಗಾಡಿ ಬಿಟ್ಟು ಹೋಗುವುದಿಲ್ಲ.

ಕೊನೆಯ ಸಾಲು ನಮಗೆ ಬಹಳ ಫೋನ್ ಕರೆ ಉಳಿಸಿದೆ. ದೂರದ ಬೆಂಗಳೂರಿನಲ್ಲಿ ಕೂತ ಮಕ್ಕಳಿಗೆ ಬೇಕಾದದ್ದು ಅದೇ.

ಯಾರಿಗೆ ಈ ಪ್ರವಾಸ ಆಗುವುದಿಲ್ಲ ಅನ್ನೋದನ್ನೂ ಮುಚ್ಚುಮರೆ ಇಲ್ಲದೆ ಬರೆಯಿರಿ. ವಯಸ್ಸಿನ ಮಿತಿ ಹಾಕಬೇಡಿ, ಎಂಬತ್ತೆರಡರ ಒಬ್ಬ ಅಜ್ಜಾರು ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ನಡೆದಿದ್ದಾರೆ. ನಾವು ಒಂದು ಪರೀಕ್ಷೆ ಹೇಳುತ್ತೇವೆ: ಮನೆಯಲ್ಲಿ ಒಂದು ಮಹಡಿಯನ್ನು ಹಿಡಿಕೆ ಹಿಡಿದು, ನಡುವೆ ನಿಲ್ಲದೆ ಹತ್ತಿ. ಮೇಲೆ ಹೋದ ಮೇಲೆ ಏದುಸಿರಿಲ್ಲದೆ ಮಾತಾಡಲು ಬಂದರೆ ಈ ಪ್ರವಾಸ ಆಗುತ್ತದೆ. ಬರದಿದ್ದರೆ, ಅಥವಾ ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಹೃದಯದ ತೊಂದರೆ ಆಗಿದ್ದರೆ, ವೈದ್ಯರನ್ನು ಕೇಳಿಯೇ ಬನ್ನಿ. ಗಾಲಿ ಕುರ್ಚಿಯವರಿಗೆ ಲಕ್ಕುಂಡಿಯ ಗುಡಿಗಳ ಒಳಗೆ ಹೋಗುವುದು ಕಷ್ಟ ಎಂದು ನೇರವಾಗಿ ಹೇಳಿಬಿಡುವುದು ಒಳ್ಳೆಯದು.

ಅಕ್ಷರ ದೊಡ್ಡದಿರಲಿ, 16 ಪಾಯಿಂಟಿಗಿಂತ ಕಡಿಮೆ ಬೇಡ. ವಾಟ್ಸಾಪಿಗೆ ಬಣ್ಣಬಣ್ಣದ ಚಿತ್ರ ಕಳಿಸುವ ಬದಲು ಟೈಪ್ ಮಾಡಿದ ಬರಹ ಕಳಿಸಿ, ಫೋನಿನಲ್ಲಿ ಅಕ್ಷರ ದೊಡ್ಡ ಮಾಡಿಕೊಂಡವರಿಗೆ ಅದು ದೊಡ್ಡದಾಗಿಯೇ ಕಾಣುತ್ತದೆ. ಹೊರಡುವ ಎರಡು ದಿನ ಮೊದಲು ಮಗನಿಗಲ್ಲ, ಬರುವ ಹಿರಿಯರಿಗೇ ಫೋನ್ ಮಾಡಿ ಇಡೀ ವಿವರವನ್ನು ಓದಿ ಹೇಳಿ. ಎಂಟು ನಿಮಿಷ ಬೇಕಾಗುತ್ತದೆ. ಆಗಲೇ ಅವರು ‘ನನಗ ಎಡಗಣ್ಣು ಕಾಣೂದಿಲ್ರಿ’ ಅಂತ, ಚೀಟಿಯಲ್ಲಿ ಬರೆಯದ್ದನ್ನು ಹೇಳುತ್ತಾರೆ.

ಪ್ರವಾಸ ಮುಗಿದ ಮೇಲೆ ‘ಹೇಗಿತ್ತು’ ಎಂದು ಕೇಳಿದರೆ ಎಲ್ಲರೂ ಚಲೋ ಇತ್ತು ಅನ್ನುತ್ತಾರೆ. ನಾನು ಕೇಳುವುದು ಬೇರೆ: ‘ಎಲ್ಲಿ ಕೂರಬೇಕು ಅನ್ನಿಸಿತು, ಆದರೆ ಕೂರಲು ಆಗಲಿಲ್ಲ?’ ಹೋದ ಸಲ ಒಬ್ಬ ಅಮ್ಮಾರು ವೀರನಾರಾಯಣ ಗುಡಿಯ ಮಾತು ತೆಗೆದರು. ಕುಮಾರವ್ಯಾಸ ಕೂತು ಬರೆದನೆಂದು ಹೇಳುವ ಕಂಬದ ಹತ್ತಿರ ಸ್ವಲ್ಪ ಹೊತ್ತು ತಾವೂ ಕೂರಬೇಕಿತ್ತಂತೆ, ನಾವು ಗಾಡಿಗೆ ಅವಸರ ಮಾಡಿದೆವಂತೆ. ವಾಪಸ್ ಹೊರಡುವ ಸಮಯವನ್ನು 5:45ರಿಂದ 6:00ಕ್ಕೆ ಬದಲಿಸಿದ್ದೇವೆ.